ಲಿಮಿಟ್ ಬರೆದ್ರೆ ಕ್ಲೈಂಟ್ ಓಡಿಹೋಗ್ತಾರೆ ಅಂದ್ಯಲ್ಲ ಪುಟ್ಟಿ

ಪುಟ್ಟಿ,

ನಿಂಗೆ ಮೊದಲ ರಿಟೇನರ್, ಅಂದ್ರೆ ತಿಂಗಳಿಗಿಷ್ಟು ಅಂತ ಫೀಸ್ ತಗೊಂಡು ಮಾಡೋ ಕೆಲಸ, ಸಿಗೋ ಹಾಗಿದೆ ಅಂತ ನಿನ್ನ ಕಾಗದದಲ್ಲಿ ಓದಿ ಖುಷಿಯಾಯ್ತು, ಆದ್ರೆ ಕೊನೇಲಿ ಬರ್ದಿದ್ದ ಆ ಒಂದು ಸಾಲು ನಿದ್ದೆ ಕೆಡಿಸ್ತು. "ಪ್ರಪೋಸಲ್‌ನಲ್ಲಿ ಇಷ್ಟೇ ಗಂಟೆ, ಇಷ್ಟೇ ಕೆಲಸ ಅಂತ ಲಿಮಿಟ್ ಬರೆದ್ರೆ ಲೆಕ್ಕ ಹಾಕೋಳು ಅನ್ಕೊಂಡು ಕ್ಲೈಂಟ್ ಓಡಿಹೋಗ್ತಾರೆ ದೊಡ್ಡಪ್ಪ" ಅಂದಿದ್ದೀಯ. ಅದಕ್ಕೇ ನೀನು ಸ್ಕೋಪ್ ಅನ್ನೋ ಕಡೆ "ತಿಂಗಳ ಸೇಲ್ಸ್ ರಿಪೋರ್ಟ್, ಮೀಟಿಂಗ್, ಮತ್ತೆ ಅಗತ್ಯ ಬಿದ್ದ ಸಹಾಯ" ಅಂತ ಬರೆದು ಬಿಟ್ಟಿರೋದು. ಆ ಕೊನೇ ಮೂರು ಪದ ನೋಡಿದ್ರೆ ನಂಗೆ ಭಯ ಆಗುತ್ತೆ, ನಿನ್ನ ಭಯಕ್ಕಿಂತ ಜಾಸ್ತಿ.

ನಂಗೂ ಒಬ್ರು ಕ್ಲೈಂಟ್ ಇದ್ರು, ಒಳ್ಳೇ ಮನುಷ್ಯ, ಹೆಸರು ಬೇಡ. ತಿಂಗಳಿಗಿಷ್ಟು ಅಂತ ಮಾತಾಯ್ತು, ಕೆಲಸ ಎಷ್ಟು ಅಂತ ಇಬ್ರೂ ಮಾತಾಡ್ಲಿಲ್ಲ. ದುಡ್ಡು ಕೊಟ್ಟಿದ್ದೀನಿ, ಕೇಳಬಹುದು ಅನ್ನೋದು ಅವರ ಲೆಕ್ಕ, ಇಷ್ಟು ಸಾಕು ಅನ್ನೋದು ನನ್ನದು. ಯಾರೂ ಮೋಸ ಮಾಡ್ಲಿಲ್ಲ ನೋಡು. ಆದ್ರೂ ವರ್ಷ ಮುಗಿಯೋ ಹೊತ್ತಿಗೆ ಅವರ ಫೋನ್ ಬಂದ್ರೆ ಎತ್ತೋಕೆ ಮನಸ್ಸಿರ್ಲಿಲ್ಲ, ಆಮೇಲೆ ಮಾತೇ ನಿಂತುಹೋಯ್ತು, ಅದರ ಬೇಸರ ಇವತ್ತಿಗೂ ಇದೆ.

ಸರಿ, ನಿನ್ನ ವಿಷಯಕ್ಕೆ ಬರ್ತೀನಿ. ನೀನು ತಿಂಗಳಿಗೆ 20 ಗಂಟೆ ಅನ್ಕೊಂಡು ಫೀಸ್ ಹಾಕಿದ್ದೀಯ, ಆದ್ರೆ ಆ 20 ನಿನ್ನ ತಲೇಲಿದೆ, ಪೇಪರ್ ಮೇಲಿಲ್ಲ. "ಅಗತ್ಯ ಬಿದ್ದ ಸಹಾಯ" ಬೆಳೀತಾ ಬೆಳೀತಾ ತಿಂಗಳಿಗೆ 35 ಗಂಟೆ ಆಯ್ತು ಅಂದ್ರೆ ಫೀಸ್ ಅಷ್ಟೇ, ನಿನ್ನ ಗಂಟೆ ರೇಟ್ ಮಾತ್ರ ಅರ್ಧಕ್ಕಿಂತ ಸ್ವಲ್ಪ ಮೇಲೆ ಉಳೀತು. ಅದರ ಬದಲು ಹೀಗೆ ಒಡೆದು ಬರೆದ್ರೆ ಹೇಗೆ: ರಿಪೋರ್ಟ್ ಒಂದು, 8 ಗಂಟೆ. ರಿವ್ಯೂ ಮೀಟಿಂಗ್ ಎರಡು, ತಯಾರಿ ಸೇರಿ 4. ಅವರು ಕೇಳೋ ಪ್ರಶ್ನೆಗಳಿಗೆ 5. ಡೇಟಾ ತಪ್ಪಿದ್ರೆ ಸರಿ ಮಾಡೋಕೆ, ಇನ್ನೇನಾದ್ರೂ ಬಂದ್ರೆ ಅಂತ 3. ಹೀಗಿದ್ರೆ ಕ್ಲೈಂಟಿಗೂ ತಾನು ಏನು ಕೊಳ್ತಿದ್ದೀನಿ ಅಂತ ಕಾಣುತ್ತೆ. ಓಡಿಹೋಗೋರು ಸಾಮಾನ್ಯವಾಗಿ ಇಂಥ ಪಟ್ಟಿ ನೋಡಿ ಅಲ್ಲ ಕಣೇ, ಏನು ಸಿಗುತ್ತೆ ಅಂತ ಗೊತ್ತಾಗದೆ ತಿಂಗಳು ತಿಂಗಳು ಕೊಡ್ಬೇಕಲ್ಲ ಅಂತ. ಹೊಸ ಡ್ಯಾಶ್‌ಬೋರ್ಡ್ ಕಟ್ಟೋದು, ಅವರ ಸ್ಟಾಫ್‌ಗೆ ಟ್ರೇನಿಂಗ್ ಕೊಡೋದು ಇದ್ರಲ್ಲಿ ಸೇರಿಲ್ಲ, ಬೇಕಾದ್ರೆ ಬೇರೆ ಕೋಟ್ ಕೊಡ್ತೀನಿ ಅಂತ ಕೆಳಗೆ ಒಂದು ಸಾಲು ಹಾಕು, ಅದನ್ನ ಬರೆಯೋಕೇ ನಿಂಗೆ ಜಾಸ್ತಿ ಹೆದರಿಕೆ ಅಂತ ಗೊತ್ತು.

ಅವರು ಫೀಸ್ ಜಾಸ್ತಿ ಅಂದ್ರೆ? ರೇಟ್ ಇಳಿಸ್ಬೇಡ, ಕೆಲಸ ಇಳಿಸು. ಎರಡು ಮೀಟಿಂಗ್ ಬದಲು ಒಂದು, ಆಗ 18 ಗಂಟೆ, ಫೀಸೂ ಅದಕ್ಕೆ ತಕ್ಕಂತೆ. ಇದು ಹೇಳೋದು ಸುಲಭ, ಎದುರಿಗೆ ಕೂತಾಗ ಬಾಯಿಗೆ ಬರಲ್ಲ ಅಂತ ನಂಗೂ ಗೊತ್ತು, ಅದಕ್ಕೇ ಎರಡು ಪ್ಲಾನೂ ಪ್ರಪೋಸಲ್‌ನಲ್ಲೇ ಬರೆದಿಟ್ಬಿಡು.

ಇನ್ನೊಂದು, ಉಳಿದ ಗಂಟೆಗಳ ಮಾತು. ಎರಡು ತಿಂಗಳು ಸುಮ್ನಿದ್ದು ಮೂರನೇ ತಿಂಗಳು "ನಮ್ಮ 60 ಗಂಟೆ ಕೊಡಿ" ಅಂದ್ರೆ ಏನ್ ಮಾಡ್ತೀಯ? ಅಷ್ಟು ಹೊತ್ತು ಎಲ್ಲಿಂದ ತರ್ತೀಯ? ಉಳಿದಿದ್ರಲ್ಲಿ 5 ಗಂಟೆವರೆಗೆ ಮಾತ್ರ ಮುಂದಿನ ತಿಂಗಳಿಗೆ ಹೋಗುತ್ತೆ, ಆಗಲೂ ಬಳಸದಿದ್ರೆ ಹೋಯ್ತು ಅಂತ ಬರಿ. ಕಟುವಾಗಿ ಕಾಣುತ್ತೆ, ಹೂಂ. ಆದ್ರೆ ಅವರು ಕೇಳ್ಲಿ ಬಿಡ್ಲಿ, ನೀನು ಆ ಹೊತ್ತನ್ನ ಬೇರೆಯವರಿಗೆ ಮಾರದೆ ಇಟ್ಟಿರ್ತೀಯಲ್ಲ, ಫೀಸ್ ಅದಕ್ಕೂ ಸೇರಿದ್ದು. ಅದಕ್ಕೇ ದುಡ್ಡು ತಿಂಗಳ ಮೊದಲಲ್ಲೇ ಬರೋ ಹಾಗೆ ಕೇಳು.

ಲಿಮಿಟ್ ದಾಟೋದು ಒಂದೇ ಸಲಕ್ಕೆ ಆಗಲ್ಲ. "ಒಂದು ಚಿಕ್ಕ ಡೌಟು" ಅಂತ ಶುರುವಾಗುತ್ತೆ, ಆಮೇಲೆ ನಿಂಗೆ ಪರಿಚಯವೇ ಇಲ್ದೋರು ಅವರ ಆಫೀಸಿಂದ ಮೆಸೇಜ್ ಹಾಕ್ತಾರೆ. ಪ್ರಶ್ನೆಗಿಟ್ಟ 5 ಗಂಟೆ ತಿಂಗಳ ಅರ್ಧದಲ್ಲೇ ಖಾಲಿ ಆದ್ರೆ ಅದೇ ಗುರುತು. ಅವರ ಕಡೆಯಿಂದ ಒಬ್ರೇ ಕೆಲಸ ಹೇಳ್ಬೇಕು, 16 ಗಂಟೆ ಆದಾಗ ನೀನು ತಿಳಿಸ್ತೀಯ, 20 ದಾಟೋದಾದ್ರೆ ಮೊದಲು ಅವರ ಒಪ್ಪಿಗೆ, ಇಷ್ಟು ಸಾಕು. ಜಾಸ್ತಿ ಹೇಳ್ತಿದ್ದೀನೇನೋ, ಈಗಿನ ರೀತಿ ಬೇರೆ ಇರಬಹುದು.

ಮತ್ತೆ ಅದೇ ಕೇಳ್ತೀನಿ, ಓಡಿಹೋದ್ರೆ ಅಂತ. ಇಷ್ಟು ಓದಿ ಓಡಿಹೋಗೋ ಕ್ಲೈಂಟೂ ಇರ್ತಾರೆ, ಇಲ್ಲ ಅನ್ನಲ್ಲ, ಮೊದಲ ರಿಟೇನರ್ ಕೈತಪ್ಪಿದ್ರೆ ನಿಂಗೆ ಎಷ್ಟು ನೋವಾಗುತ್ತೆ ಅಂತ್ಲೂ ಗೊತ್ತು. ವರ್ಷದ ಮಾತು ಅಂದ್ರೆ ಅವರಿಗೂ ಭಾರ, ಮೂರು ತಿಂಗಳು ಅಂತ ಶುರು ಮಾಡಿ ಆಮೇಲೆ ಕೂತು ನೋಡೋಣ ಅಂದ್ರೆ ಇಬ್ಬರಿಗೂ ಹಗುರ. ಬಿಡೋದಾದ್ರೆ ಯಾರೇ ಆಗ್ಲಿ 30 ದಿನ ಮೊದಲೇ ಹೇಳ್ಬೇಕು ಅನ್ನೋ ಸಾಲು ನಿನ್ನ ಡ್ರಾಫ್ಟಲ್ಲಿ ಇರ್ಲಿಲ್ಲ, ಕಳ್ಸೋ ಮೊದ್ಲು ಸೇರಿಸು, ಆಗಿಲ್ಲ ಅಂದ್ರೆ ನಂಗೆ ಫೋನ್ ಮಾಡು.

ನಿನ್ನ ದೊಡ್ಡಪ್ಪ