ಸಭೆಗೆ ಬಾರದವರಿಗೆ ಏನು ಕಳಿಸುತ್ತೇವೆ, ಏನು ಕಳಿಸುವುದಿಲ್ಲ

ಪ್ರಿಯ ಪೋಷಕರೇ,

ಎಂಟನೇ ತರಗತಿಯ ಮೂರು ದಿನದ ಪ್ರವಾಸದ ಬಗ್ಗೆ ಶನಿವಾರ ನಡೆದ ಸಭೆಗೆ 72 ಮನೆಗಳಿಗೆ ಕರೆ ಹೋಗಿತ್ತು. ಹಾಜರಿ ಪಟ್ಟಿಯಲ್ಲಿ 51 ಮನೆಗಳ ಮುಂದೆ ಗುರುತು ಬಿತ್ತು. ಉಳಿದ 21 ಮನೆಯವರಿಗೆ ಏನು ಮಾಡೋಣ ಅಂತ ಸೋಮವಾರ ಬೆಳಿಗ್ಗೆ ನಾನು, ತರಗತಿ ಶಿಕ್ಷಕಿ ಇಬ್ಬರೂ ಕೂತು ನೋಡಿದೆವು. ಎಲ್ಲರಿಗೂ ವಿಡಿಯೋ ಲಿಂಕ್ ಒಂದನ್ನು ಕಳಿಸಿಬಿಟ್ಟರೆ ಹತ್ತು ನಿಮಿಷದ ಕೆಲಸ. ಹೋದ ವರ್ಷ ನಾನು ಮಾಡಿದ್ದು ಅದನ್ನೇ, ಅದರಿಂದ ಆದ ಎಡವಟ್ಟು ಇನ್ನೂ ಮರೆತಿಲ್ಲ.

ಏನಾಯಿತು ಅಂದರೆ, "ನೀವು ಸಭೆಗೆ ಬರಲಿಲ್ಲ, ಬೇಸರವಾಯಿತು" ಅನ್ನುವ ಒಂದೇ ಸಂದೇಶ ಪಟ್ಟಿಯಲ್ಲಿ ಸಹಿ ಇಲ್ಲದ ಎಲ್ಲರಿಗೂ ಹೋಯಿತು. ಅದರಲ್ಲಿ ಒಬ್ಬ ತಾಯಿ ಅವತ್ತು ಎಲ್ಲರಿಗಿಂತ ಮುಂಚೆ ಬಂದು, ನಮ್ಮ ಜೊತೆ ಕುರ್ಚಿ ಹಾಕಿಸಿ, ಮುಂದಿನ ಸಾಲಲ್ಲೇ ಕೂತಿದ್ದವರು. ಸಹಿ ಮಾಡುವುದನ್ನು ಮಾತ್ರ ಮರೆತಿದ್ದರು. ಅವರು ಉತ್ತರ ಬರೆಯಲಿಲ್ಲ, ಮುಂದಿನ ಸಭೆಗೂ ಬರಲಿಲ್ಲ. ನಾನೇ ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು.

ಹಾಗಾಗಿ ಈ ಸಲ ಮೊದಲು ಪಟ್ಟಿಯನ್ನೇ ಸರಿ ಮಾಡಿಕೊಂಡೆವು. ಯಾವ ಮನೆಗೂ ಹೊಂದದ ಒಂದು ಸಹಿ ಇತ್ತು. ನೋಡಿದರೆ ಒಬ್ಬ ಹುಡುಗನ ಅಜ್ಜಿ, ಮೊಮ್ಮಗನ ಹೆಸರು ಬರೆಯದೆ ಬರೀ ತಮ್ಮ ಹೆಸರು ಬರೆದಿದ್ದರು. ಇನ್ನೊಬ್ಬ ತಂದೆ ತಡವಾಗಿ ಬಂದು ಬಾಗಿಲ ಹತ್ತಿರವೇ ನಿಂತು ಕೇಳಿ ಹೋಗಿದ್ದರು, ಶಿಕ್ಷಕಿಗೆ ನೆನಪಿತ್ತು. ನಿಜಕ್ಕೂ ಬಾರದವರು 19 ಮನೆಯವರು ಅಂತಾಯಿತು.

ಈ 19 ಮನೆಗಳನ್ನು "ಹೇಳಿ ತಪ್ಪಿಸಿಕೊಂಡವರು", "ಹೇಳದೆ ತಪ್ಪಿಸಿಕೊಂಡವರು" ಅಂತ ಎರಡು ಮಾಡುವುದು ಸುಲಭ. ಶಿಕ್ಷಕಿಯೂ ಹಾಗೇ ಶುರು ಮಾಡಿದ್ದರು. ಆದರೆ ಅದರಿಂದ ಗೊತ್ತಾಗುವುದು ಸಂದೇಶದ ಮೊದಲ ಸಾಲು ಹೇಗಿರಬೇಕು ಅನ್ನೋದು ಅಷ್ಟೇ. ಮುಂಚೆ ತಿಳಿಸಿದವರಿಗೆ "ತಿಳಿಸಿದ್ದಕ್ಕೆ ಥ್ಯಾಂಕ್ಸ್", ತಿಳಿಸದವರಿಗೆ ನೇರವಾಗಿ ವಿಷಯ. ಏನು ಕಳಿಸಬೇಕು ಅನ್ನೋದಕ್ಕೆ ಬೇರೆಯೇ ಪ್ರಶ್ನೆ ಕೇಳಬೇಕು: ಈ ಮನೆಯವರಿಗೆ ಸಭೆಯಲ್ಲಿ ತಪ್ಪಿಹೋಗಿದ್ದು ಏನು?

ಸಭೆಯಲ್ಲಿ ಮೂರು ಭಾಗ ಇತ್ತು. ಮೊದಲು ಎಲ್ಲಿಗೆ, ಯಾವ ಬಸ್ಸು, ಚೀಲದಲ್ಲಿ ಏನಿರಬೇಕು ಅನ್ನುವ ಮಾಹಿತಿ. ಆಮೇಲೆ ನಿಮ್ಮ ಪ್ರಶ್ನೆಗಳು. ಕೊನೆಗೆ ದಿನಾ ಔಷಧಿ ತೆಗೆದುಕೊಳ್ಳುವ ಅಥವಾ ಅಲರ್ಜಿ ಇರುವ ಮಕ್ಕಳ ಪೋಷಕರು ಒಬ್ಬೊಬ್ಬರಾಗಿ ಬಂದು ಶಿಕ್ಷಕಿಯ ಜೊತೆ ಫಾರಂ ತುಂಬುವುದು.

ಕೊನೆಯ ಭಾಗ ಬೇಕಿಲ್ಲದ 11 ಮನೆಗಳಿಗೆ ರೆಕಾರ್ಡಿಂಗ್ ಸಾಕು. ಸೋಮವಾರ ಸಂಜೆಯೇ ಲಿಂಕ್ ಹೋಗಿದೆ. ಒಂದು ವಾರ ಬಿಟ್ಟು ಕಳಿಸಿದರೆ ಅದು ಯಾವ ಸಭೆಯದು ಅಂತಲೇ ಮರೆತಿರುತ್ತೀರಿ. ಇಡೀ ಸಭೆ ಒಂದು ಗಂಟೆ 25 ನಿಮಿಷ ಇತ್ತು, ಅದನ್ನು 22 ನಿಮಿಷಕ್ಕೆ ಇಳಿಸಿದ್ದೇವೆ. ಹೋದ ವರ್ಷ ಪೂರ್ತಿ ವಿಡಿಯೋ ಹಾಕಿದ್ದೆವು. ಲಿಂಕ್ ಸುಮಾರು ಜನ ತೆರೆದಿದ್ದರು, ಆದರೆ ನಡುವೆ ಹೇಳಿದ್ದ ವಿಷಯಗಳನ್ನೇ ಅವರು ಮತ್ತೆ ಫೋನ್ ಮಾಡಿ ಕೇಳಿದರು. ಅಂದರೆ ಶುರು ನೋಡಿ ಮುಚ್ಚಿದ್ದಾರೆ ಅಂತಲೇ ಅರ್ಥ, ಅಲ್ವಾ? ಅವರದ್ದೂ ತಪ್ಪಲ್ಲ, ಕುರ್ಚಿ ಎಳೆಯುವ ಸದ್ದನ್ನೇ ಎಂಟು ನಿಮಿಷ ಯಾರು ಕೇಳುತ್ತಾರೆ! ಈ ಸಲ ವಿಡಿಯೋ ಕೆಳಗೆ ಯಾವ ನಿಮಿಷದಲ್ಲಿ ಏನಿದೆ ಅಂತ ಬರೆದಿದ್ದೇವೆ. ಪ್ರವಾಸದ ದಿನದವರೆಗೆ ಲಿಂಕ್ ಇರುತ್ತದೆ, ಆಮೇಲೆ ತೆಗೆದುಹಾಕುತ್ತೇವೆ. ಬೇರೆಯವರಿಗೆ ದಯವಿಟ್ಟು ಕಳಿಸಬೇಡಿ.

ಪ್ರಶ್ನೆಗಳ ಭಾಗ ರೆಕಾರ್ಡಿಂಗ್‌ನಲ್ಲಿ ಇಲ್ಲ. ಅದನ್ನೂ ಹಾಕಿ ಅಂತ ಇಬ್ಬರು ಕೇಳಿದ್ದೀರಿ. ಹಾಕುವುದಿಲ್ಲ. ಅಲ್ಲಿ ಒಬ್ಬರು ತಮ್ಮ ಮಗುವಿನ ವಿಷಯವೊಂದನ್ನು ನಂಬಿಕೆಯಿಂದ ಹೇಳಿಕೊಂಡರು. ಎದುರಿಗೆ ಕೂತಿದ್ದ ಜನರನ್ನು ನೋಡಿ ಹೇಳಿದ ಮಾತದು, ನಾಳೆ ಯಾರದ್ದೋ ಫೋನಿನಲ್ಲಿ ಇರಲಿ ಅಂತ ಹೇಳಿದ್ದಲ್ಲ. ವೇದಿಕೆ ಮೇಲೆ ಮಾತಾಡಿದ ನಾವು ಒಪ್ಪಿಯೇ ಮಾತಾಡಿದ್ದೇವೆ, ಅವರನ್ನು ಯಾರೂ ಕೇಳಿರಲಿಲ್ಲ. ಅದರ ಬದಲು ಎಲ್ಲರಿಗೂ ಬೇಕಾಗುವ ಪ್ರಶ್ನೆ, ಉತ್ತರಗಳನ್ನು ಹೆಸರಿಲ್ಲದೆ ಒಂದು ಪುಟದಲ್ಲಿ ಟೈಪ್ ಮಾಡಿ ಲಿಂಕ್ ಜೊತೆ ಇಟ್ಟಿದ್ದೇವೆ.

ಇನ್ನು ನಾಲ್ಕು ಮನೆಗಳಿಗೆ ರೆಕಾರ್ಡಿಂಗ್ ಕೊಟ್ಟರೂ ಸಾಲುವುದಿಲ್ಲ. ಆ ಮಕ್ಕಳು ದಿನಾ ಔಷಧಿ ತೆಗೆದುಕೊಳ್ಳುತ್ತಾರೆ ಅಥವಾ ಅಲರ್ಜಿ ಇದೆ. ವಿಡಿಯೋ ನೋಡಿ ಫಾರಂ ತುಂಬಿ ಕಳಿಸಿ ಅಂದರೆ ಏನಾಗುತ್ತದೆ ಅಂತಲೂ ಹೋದ ವರ್ಷ ನೋಡಿದ್ದೇನೆ. "ಔಷಧಿ ಇದೆಯೇ?" ಅನ್ನುವಲ್ಲಿ "ಹೌದು" ಅಂತ ಟಿಕ್ ಹಾಕಿ ಬಂತು. ಯಾವುದು, ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೋ, ಒಂದೂ ಇಲ್ಲ. ಹುಡುಗಿಯ ಚೀಲದಲ್ಲಿ ಕಾಗದದಲ್ಲಿ ಸುತ್ತಿದ್ದ ಆರು ಬಿಳಿ ಮಾತ್ರೆ, ಹೆಸರಿಲ್ಲ. ರಾತ್ರಿ ಒಂಬತ್ತಕ್ಕೆ ಅವಳ ಮನೆಯವರು ಫೋನಿನಲ್ಲಿ ಸಿಗದೆ ನಾವು ಒದ್ದಾಡಿದ್ದು ನಮಗೇ ಗೊತ್ತು.

ಅದಕ್ಕೆ ಈ ನಾಲ್ಕು ಮನೆಗೆ ಹೊಸ ಕರೆ. ಅದೇ ಸಭೆಯನ್ನು ಮತ್ತೆ ಮಾಡುವುದಿಲ್ಲ, 15 ನಿಮಿಷದ ಭೇಟಿ ಅಷ್ಟೇ. ಶನಿವಾರ ಆಗಲಿಲ್ಲ ಅಂದವರನ್ನು ಮತ್ತೆ ಶನಿವಾರವೇ ಕರೆದು ಪ್ರಯೋಜನವಿಲ್ಲವಾದ್ದರಿಂದ ಗುರುವಾರ ಬೆಳಿಗ್ಗೆ 7:45 ಅಥವಾ ಶುಕ್ರವಾರ ಸಂಜೆ 5:30, ನಿಮಗೆ ಯಾವುದು ಆಗುತ್ತದೋ ಅದನ್ನು ಆರಿಸಿ. ಎರಡೂ ಆಗದಿದ್ದರೆ "ಆಗಲ್ಲ" ಅಂತ ಬರೆಯಿರಿ, ಕಾರಣ ಬೇಡ, ತರಗತಿ ಶಿಕ್ಷಕಿ ಒಂದು ಸಲ ಫೋನ್ ಮಾಡಿ ಇನ್ನೊಂದು ಸಮಯ ಕೇಳುತ್ತಾರೆ. ಆಮೇಲೂ ಆಗದಿದ್ದರೆ ನಾವು ಮೂರನೇ ಸಲ ಬೆನ್ನು ಹತ್ತುವುದಿಲ್ಲ. ಆದರೆ ಫಾರಂ ಇಲ್ಲದೆ ಮಗುವನ್ನು ಬಸ್ಸು ಹತ್ತಿಸಲಾರೆವು. ಅದನ್ನು ಹೊರಡುವ ದಿನ ಹೇಳುವುದಕ್ಕಿಂತ ಈಗಲೇ ಹೇಳುತ್ತಿದ್ದೇನೆ.

ಉಳಿದ ನಾಲ್ಕು ಮನೆಯ ಮಕ್ಕಳು ಪ್ರವಾಸಕ್ಕೆ ಬರುತ್ತಿಲ್ಲ. ಅವರಿಗೆ ಏನೂ ಕಳಿಸಿಲ್ಲ. "ಸುಮ್ನೆ ಒಂದು ಪ್ರತಿ ಇರಲಿ" ಅಂತ ಶಿಕ್ಷಕಿ ಅಂದರು, ನಾನು ಬೇಡ ಅಂದೆ. ಹೋಗದಿರುವುದಕ್ಕೆ ಅವರವರ ಕಾರಣ ಇರುತ್ತದೆ, ಚೀಲದಲ್ಲಿ ಏನಿರಬೇಕು ಅನ್ನುವ ವಿಡಿಯೋ ಕಳಿಸಿ ಅದನ್ನು ಕೆದಕುವುದು ಯಾಕೆ?

ಯಾರು ಬಂದಿಲ್ಲ ಅನ್ನೋ ಪಟ್ಟಿ ತರಗತಿ ಗುಂಪಿನಲ್ಲಿ ಹಾಕಿ, ಆಗ ಎಲ್ಲರೂ ಬರುತ್ತಾರೆ ಅಂತ ಒಬ್ಬರು ಸಲಹೆ ಕೊಟ್ಟಿದ್ದೀರಿ. ಹಾಗೆ ಮಾಡಿದರೆ ಬರುವವರಿಗಿಂತ ಗುಂಪು ಬಿಡುವವರೇ ಜಾಸ್ತಿ. "ನಿಮ್ಮಮ್ಮ ಯಾಕೆ ಬರಲಿಲ್ಲ?" ಅಂತ ಮಗುವನ್ನು ತರಗತಿಯಲ್ಲಿ ಕೇಳುವುದೂ ಬೇಡ ಅಂತ ಶಿಕ್ಷಕರಿಗೆ ಹೇಳಿದ್ದೇನೆ. ಹಾಗೆ ಯಾರಾದರೂ ಕೇಳಿದರೆ ನನಗೆ ತಿಳಿಸಿ.

ಮುಂದಿನ ಸಭೆಯ ಕರೆಯಲ್ಲಿ "ರೆಕಾರ್ಡಿಂಗ್ ಸಿಗುತ್ತದೆ" ಅಂತ ಬರೆದಿರುವುದಿಲ್ಲ. ಬರೆದ ಸಲ ಅರ್ಧ ಕುರ್ಚಿ ಖಾಲಿ ಇದ್ದವು.

ಗುರುವಾರ ಬರುವವರು ಮುಂದಿನ ಗೇಟಿನಿಂದ ಬನ್ನಿ, ಹಿಂದಿನದು ಅಷ್ಟು ಹೊತ್ತಿಗೆ ತೆಗೆದಿರುವುದಿಲ್ಲ. ಮಾತ್ರೆಗಳನ್ನು ಹೆಸರಿರುವ ಸ್ಟ್ರಿಪ್ ಸಮೇತ ತನ್ನಿ, ಡಾಕ್ಟರ ಚೀಟಿಯೂ ಇರಲಿ.

ಇತಿ,
ನಿಮ್ಮ ಮುಖ್ಯ ಶಿಕ್ಷಕಿ