ತಿದ್ದಿದ ಚೆಕ್ಕನ್ನು ಇನ್ನು ಪಡೆಯುವುದಿಲ್ಲ: ಗ್ರಾಹಕರಿಗೊಂದು ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ತಿದ್ದುಪಡಿ ಇರುವ ಚೆಕ್ಕುಗಳನ್ನು ನಮ್ಮ ಸಂಘ ಸ್ವೀಕರಿಸುವುದಿಲ್ಲ. ತಿದ್ದಿದ ಜಾಗದಲ್ಲಿ ನೀವು ಸಹಿ ಹಾಕಿದ್ದರೂ ಇಲ್ಲ. ಈ ಬಿಗಿ ನಿಮಗೆ ಹೊಸದು, ಬೇಸರವಾದರೆ ಕ್ಷಮಿಸಿ. ಆದರೆ ಚೆಕ್ಕು ವಾಪಸಾದಾಗಲೆಲ್ಲ ನಮ್ಮ ಬ್ಯಾಂಕು ನಮ್ಮ ಖಾತೆಯಿಂದ ಶುಲ್ಕ ಮುರಿದುಕೊಂಡಿದೆ. ಆ ಹಣವನ್ನು ಒಮ್ಮೆಯೂ ನಿಮ್ಮ ಬಿಲ್ಲಿಗೆ ಸೇರಿಸಿಲ್ಲ. ಆದರೂ ‘ಸಂಘದವರು ಸುಮ್ಮನೆ ಸತಾಯಿಸುತ್ತಾರೆ’ ಎಂಬ ಮಾತು ನಮ್ಮ ಪಾಲಿಗೆ ಬಂದಿದೆ.

ಪದೇ ಪದೇ ಕೇಳುವ ದೂರು ಒಂದೇ: ‘ಅಂಕಿ ಸರಿ ಇತ್ತಲ್ಲ, ಅಕ್ಷರದಲ್ಲಿ ತಪ್ಪಿದರೇನು?’ ಒಬ್ಬರು ಚೌಕದೊಳಗೆ 12,050 ಎಂದು ಬರೆದು, ಸಾಲಿನಲ್ಲಿ ‘ಹನ್ನೆರಡು ಸಾವಿರದ ಐನೂರು’ ಎಂದಿದ್ದರು. ನೂರರ ಸ್ಥಾನದ ಸೊನ್ನೆ ಕಣ್ತಪ್ಪಿತ್ತು. ಚೆಕ್ಕುಗಳಿಗೆ ಅನ್ವಯಿಸುವ 1881ರ ನೆಗೋಶಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಮಿನ ಪ್ರಕಾರ ಅಂಕಿಗೂ ಅಕ್ಷರಕ್ಕೂ ಹೊಂದದಿದ್ದರೆ ಅಕ್ಷರದ ಮೊತ್ತವೇ ಸಲ್ಲಬೇಕಾದದ್ದು. ಅಂದರೆ ಅವರು 450 ರೂಪಾಯಿ ಹೆಚ್ಚು ತೆರಬೇಕಿತ್ತು! ಬ್ಯಾಂಕುಗಳು ಆ ಗೊಡವೆಗೆ ಹೋಗದೆ ಸಾಮಾನ್ಯವಾಗಿ ಚೆಕ್ಕನ್ನೇ ಹಿಂದಿರುಗಿಸುತ್ತವೆ. ತಿದ್ದಿ ಕೊಡೋಣವೆಂದರೆ ಅದೂ ಆಗದು: ಈಗ ಕ್ಲಿಯರಿಂಗ್‌ಗೆ ಹೋಗುವುದು ಚೆಕ್ಕಿನ ಚಿತ್ರ. ಅಲ್ಲಿ ಹೆಸರನ್ನಾಗಲಿ ಮೊತ್ತವನ್ನಾಗಲಿ ತಿದ್ದುವಂತಿಲ್ಲ, ಹೊಸ ಹಾಳೆಯೇ ಬೇಕು.

ಬಿಲ್ಲಿನ ಜೊತೆ ತುಂಬಿದ ಚೆಕ್ಕಿನ ಫೋಟೊ ಇಟ್ಟಿದ್ದೇವೆ. ಅದರಲ್ಲಿ ಅಕ್ಷರದ ಸಾಲನ್ನು ನೋಡಿ: ‘ಹನ್ನೆರಡು ಸಾವಿರದ ಐವತ್ತು ರೂಪಾಯಿ ಮಾತ್ರ’. ಮೊದಲ ಅಕ್ಷರ ಎಡ ತುದಿಗೇ ಅಂಟಿದೆ. ಮುಂದೆ ಜಾಗ ಬಿಟ್ಟರೆ ಯಾರೋ ‘ಒಂದು ಲಕ್ಷದ’ ಎಂದು ತುರುಕಬಹುದು. ‘ಮಾತ್ರ’ದ ನಂತರ ಉಳಿದ ಜಾಗಕ್ಕೆ ಗೆರೆ ಎಳೆದಿದೆ. ಪೈಸೆ ಇದ್ದರೆ ‘ಮಾತ್ರ’ಕ್ಕೆ ಮೊದಲು ‘ಎಪ್ಪತ್ತೈದು ಪೈಸೆ’ ಎಂದು ಬರೆಯಿರಿ. ಚೌಕದಲ್ಲಿಯೂ ಹಾಗೆಯೇ, ರೂಪಾಯಿ ಚಿಹ್ನೆಗೆ ಒತ್ತಿಕೊಂಡು ಅಂಕಿ, ಕೊನೆಗೆ ‘/-’.

ಉಳಿದದ್ದು ಸುಲಭ. ದಿನಾಂಕಕ್ಕೆ ಎಂಟು ಚೌಕಗಳಿವೆ. ಆ ದಿನದಿಂದ ಮೂರು ತಿಂಗಳು ಚೆಕ್ಕಿಗೆ ಜೀವ. ಹೆಸರಿನ ಸಾಲಿನಲ್ಲಿ ಸಂಘದ ಪೂರ್ತಿ ಹೆಸರು, ಎಡ ಮೂಲೆಯಲ್ಲಿ ಎರಡು ಗೆರೆಗಳ ನಡುವೆ ‘ಅಕೌಂಟ್ ಪೇಯೀ’. ಕೆಳಗಿನ ಬಿಳಿ ಪಟ್ಟಿಯನ್ನು ದಯವಿಟ್ಟು ಮುಟ್ಟಬೇಡಿ, ಅದು ಯಂತ್ರ ಓದುವ ಜಾಗ.

ಆ ಪಟ್ಟಿಯಲ್ಲೇ ನಾವೂ ಎಡವಿದ್ದೇವೆ. ಎಡಗಡೆಯ ಆರು ಅಂಕಿಗಳು ಚೆಕ್ಕಿನ ಸಂಖ್ಯೆ, ಮುಂದಿನ ಒಂಬತ್ತು ಬ್ಯಾಂಕು ಮತ್ತು ಶಾಖೆಯ ಗುರುತು. ನಮ್ಮ ಹುಡುಗ ಜಮಾ ಚೀಟಿಯಲ್ಲಿ ಚೆಕ್ಕಿನ ಸಂಖ್ಯೆಯ ಜಾಗಕ್ಕೆ ಈ ಒಂಬತ್ತು ಅಂಕಿಗಳನ್ನು ಬರೆದು ಬಂದಿದ್ದ. ಆ ಪಾವತಿಯನ್ನು ಪತ್ತೆಹಚ್ಚಲು ಹಿಡಿದ ದಿನಗಳಲ್ಲಿ ನೀವು ಬಾಕಿದಾರರೆಂದು ಫೋನು ಮಾಡಿದ್ದು ನಮ್ಮ ತಪ್ಪು. ಈಗ ಬ್ಯಾಂಕು ಮೊಹರು ಹಾಕಿ ಹಿಂದಿರುಗಿಸುವ ಜಮಾ ಚೀಟಿಯ ಪ್ರತಿ ಅರ್ಧಚೀಟಿಯನ್ನು ನಾನೇ ಚೆಕ್ಕಿನ ಫೋಟೊ ಜೊತೆ ಹೋಲಿಸುತ್ತೇನೆ.

ಅನುಮಾನವಿದ್ದರೆ ಬರೆಯದ ಹಾಳೆಯನ್ನೇ ತನ್ನಿ. ಎದುರು ಕೂತು ಓದಿ ಹೇಳುತ್ತೇನೆ, ಬರೆಯುವವರು ನೀವೇ. ಸಹಿ ಮಾತ್ರ ಎಲ್ಲ ತುಂಬಿದ ಮೇಲೆ ಹಾಕಿ.

ಇಂತಿ ನಿಮ್ಮ,
ಕಾರ್ಯದರ್ಶಿ