ತೂಬಿನ ಲೇಖನವನ್ನು ಚಿಕ್ಕದು ಮಾಡುವ ಕುರಿತು

ಪ್ರಿಯ ಮಿತ್ರರೇ,

ನಿಮ್ಮ ಪತ್ರವೂ ಕೆರೆಯ ಲೇಖನದ ಎರಡು ಪ್ರತಿಗಳೂ ತಲುಪಿದವು. ಸಂಪಾದಕರು ‘ಸ್ವಲ್ಪ ಚಿಕ್ಕದು ಮಾಡಿ ಕಳಿಸಿ’ ಎಂದಷ್ಟೇ ಹೇಳಿ ಎಷ್ಟು ಪದ ಎಂಬುದನ್ನು ತಿಳಿಸದ ಕಾರಣ, ನೀವು ಪ್ರತಿ ಪ್ಯಾರಾದಿಂದಲೂ ಒಂದೆರಡು ವಾಕ್ಯಗಳನ್ನು ಕಿತ್ತಿದ್ದೀರಿ. ಹೀಗಾಗಿ ಲೇಖನ ಎಲ್ಲ ಕಡೆಯೂ ಸಮನಾಗಿ ಸೊರಗಿದೆ.

ಅಳತೆ ಕೊಡದಿದ್ದಾಗ ಕೇಳಬೇಕಾದದ್ದು ‘ಏಕೆ’ ಎಂದು. ಪುಟದಲ್ಲಿ ಜಾಗ ಸಾಲದಿದ್ದರೆ ಅವರು ಪದಗಳ ಲೆಕ್ಕವನ್ನೇ ಹೇಳುತ್ತಿದ್ದರು. ಹೇಳಲಿಲ್ಲವೆಂದರೆ ಓದುವಾಗ ಎಲ್ಲೋ ಬೇಸರವಾಗಿರಬೇಕೆಂದು ನನ್ನ ಊಹೆ. ನನಗಂತೂ ಬೇಸರವಾದದ್ದು ನೀವು ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದು ಬರುವ ಮೊದಲ ಒಂದೂವರೆ ಪುಟದಲ್ಲಿ.

ಕತ್ತರಿಸುವ ಮೊದಲು ಲೇಖನವನ್ನು ಮುಚ್ಚಿಟ್ಟು, ಅದರ ಸಂಗತಿಯನ್ನು ಎರಡು ವಾಕ್ಯಗಳಲ್ಲಿ ಬರೆದುಕೊಳ್ಳಿ. ನಾನು ಬರೆದದ್ದು ಹೀಗಿದೆ: ಕೆರೆಗೆ ನೀರು ಕಡಿಮೆ ಬಂದ ವರ್ಷ ಯಾವ ಗದ್ದೆಗೆ ಮೊದಲು ನೀರು ಎಂಬುದನ್ನು ಊರವರು ಸೇರಿ ತೀರ್ಮಾನಿಸುತ್ತಿದ್ದರು. ಆ ತೀರ್ಮಾನದಂತೆ ತೂಬು ಎತ್ತುವುದಷ್ಟೇ ನೀರುಗಂಟಿಯ ಕೆಲಸವಾಗಿತ್ತು. ಈ ಮಾತಿಗೆ ಆಧಾರವಾಗುವುದೆಲ್ಲ ಉಳಿಯಬೇಕು. ಕೋಡಿ ಹರಿದ ವರ್ಷದ ಹಬ್ಬದ ವರ್ಣನೆ ಇಡೀ ಲೇಖನದಲ್ಲೇ ಸೊಗಸಾದ ಭಾಗ, ಒಪ್ಪುತ್ತೇನೆ; ಆದರೆ ತುಂಬಿದ ಕೆರೆಯ ಸಂಭ್ರಮವಿಲ್ಲದೆಯೂ ಕೊರತೆಯ ವರ್ಷದ ಹಂಚಿಕೆ ಓದುಗರಿಗೆ ಪೂರ್ತಿ ಅರ್ಥವಾಗುವುದರಿಂದ ಅದನ್ನು ಇನ್ನೊಂದು ಲೇಖನಕ್ಕೆ ಎತ್ತಿಡಿ.

ನನಗೆ ನಿಜವಾಗಿ ಆತಂಕ ತಂದದ್ದು ಒಂದು ಸಣ್ಣ ಕತ್ತರಿ. ‘ಕೆರೆ ಅರ್ಧಕ್ಕಿಂತ ಕಡಿಮೆ ತುಂಬಿದ ವರ್ಷ, ಊರವರು ಒಪ್ಪಿದರೆ ಮಾತ್ರ, ನೀರುಗಂಟಿ ಅಚ್ಚುಕಟ್ಟಿನ ಕೊನೆಯ ಗದ್ದೆಗಳಿಗೆ ಮೊದಲು ನೀರು ಬಿಡುತ್ತಿದ್ದ’ ಎಂದು ಮೊದಲ ಪ್ರತಿಯಲ್ಲಿತ್ತು. ಈಗ ‘ನೀರುಗಂಟಿ ಅಚ್ಚುಕಟ್ಟಿನ ಕೊನೆಯ ಗದ್ದೆಗಳಿಗೆ ಮೊದಲು ನೀರು ಬಿಡುತ್ತಿದ್ದ’ ಎಂದಾಗಿದೆ. ಏಳೆಂಟು ಪದ ಉಳಿಸಲು ಹೋಗಿ, ಅಪರೂಪದ ಒಂದು ಏರ್ಪಾಟನ್ನು ಪ್ರತಿ ವರ್ಷದ ವಾಡಿಕೆಯನ್ನಾಗಿಸಿದ್ದೀರಿ. ಜೊತೆಗೆ ಊರೇ ಮಾಯವಾಗಿ ನೀರುಗಂಟಿ ಯಜಮಾನನಾಗಿದ್ದಾನೆ. ‘ಮಾತ್ರ’, ‘ಆದರೆ’, ‘ಕೆಲವೊಮ್ಮೆ’ ಎಂಬ ಪದಗಳು ಚಿಕ್ಕವಾದ್ದರಿಂದ ಮೊದಲು ಕತ್ತರಿಗೆ ಸಿಗುತ್ತವೆ, ಹೋದದ್ದು ಗೊತ್ತೂ ಆಗುವುದಿಲ್ಲ. ಚಿಕ್ಕದಾದ ಪ್ರತಿಯನ್ನು ಹಳೆಯದರ ಪಕ್ಕದಲ್ಲಿಟ್ಟು ಷರತ್ತುಗಳನ್ನಷ್ಟೇ ಒಂದೊಂದಾಗಿ ಹೋಲಿಸಿದರೆ ಸಿಕ್ಕಿಬೀಳುತ್ತವೆ. ಹಾಗೆಯೇ ಕೊನೆಯಲ್ಲಿ ಬರುವ ‘ಆ ಅಜ್ಜಿ’ ಯಾರೆಂದು ಹೇಳಿದ್ದ ವಾಕ್ಯವನ್ನೂ ತೆಗೆದಿದ್ದೀರಿ.

ಎಲ್ಲಿ ನಿಲ್ಲಿಸಬೇಕೆಂದು ಕೇಳಿದ್ದೀರಿ. ಒಂದು ವಾಕ್ಯವನ್ನು ತೆಗೆದ ಮೇಲೆ, ಮುಂದಿನದು ಅರ್ಥವಾಗಲು ಹೊಸದಾಗಿ ಏನಾದರೂ ಸೇರಿಸಬೇಕಾಗಿ ಬಂದರೆ, ತೆಗೆದದ್ದನ್ನು ವಾಪಸು ಇಡಿ. ಇಂಥದು ಪದೇ ಪದೇ ಆಗತೊಡಗಿದಾಗ ಕತ್ತರಿಯನ್ನು ಕೆಳಗಿಡಬಹುದು. ನನ್ನ ಅಂದಾಜಿನಲ್ಲಿ ಬಸ್ಸಿನ ಪ್ರಯಾಣವೂ ಹಬ್ಬವೂ ಹೋದರೆ ಉಳಿದದ್ದನ್ನು ಮುಟ್ಟಬೇಕಾಗಿಯೇ ಬರಲಾರದು. ಕಳಿಸುವಾಗ ಈ ಎರಡು ಭಾಗಗಳನ್ನು ಬಿಟ್ಟಿರುವುದಾಗಿ ಸಂಪಾದಕರಿಗೆ ಒಂದು ಸಾಲು ಬರೆಯಿರಿ. ಹಬ್ಬ ಬೇಕೆಂದರೆ ಅವರೇ ಕೇಳುತ್ತಾರೆ.

ಇಂತು ನಿಮ್ಮ ವಿಶ್ವಾಸಿ